ತುಕ್ಕು ಹಿಡಿದ ಕಂಬಿ ಮತ್ತು ನಿಂತುಹೋದ ಕಾಮಗಾರಿ: ತೂಕ ಹಾಕದೆ ತೀರ್ಪು ಕೊಡೋದು ಯಾಕೆ?

ಬೆಂಗಳೂರಿನ ಈಜಿಪುರ ಮೇಲ್ಸೇತುವೆಯ ಕೆಳಗೆ ಓಡಾಡಿದವರಿಗೆ ಆ ನೋಟ ಗೊತ್ತಿರುತ್ತೆ. 2017ರಲ್ಲಿ ಶುರುವಾದ ಕೆಲಸ ಕುಂಟುತ್ತಾ ಸಾಗಿತು, 2022ರಲ್ಲಿ ಗುತ್ತಿಗೆ ರದ್ದಾಯಿತು, ಹೊಸ ಗುತ್ತಿಗೆದಾರರು ಬಂದು ಮತ್ತೆ ಕೆಲಸ ಹಿಡಿಯುವ ಹೊತ್ತಿಗೆ 2023 ಮುಗಿಯುತ್ತಿತ್ತು. ನಡುವಿನ ಅಷ್ಟೂ ಮಳೆಗಾಲ ಅರೆಬರೆ ಕಂಬಗಳ ನೆತ್ತಿಯಿಂದ ಕಬ್ಬಿಣದ ಕಂಬಿಗಳು ಆಕಾಶ ನೋಡುತ್ತಾ ಕೆಂಪಾಗಿ ನಿಂತಿದ್ದವು. ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡವರು ಫೋಟೊ ತೆಗೆದು ಹಾಕಿದರು: "ಈ ತುಕ್ಕು ಹಿಡಿದ ರಾಡ್ ಮೇಲೆ ನಮ್ಮ ಬಸ್ಸು ಓಡುತ್ತಾ?"

ನ್ಯಾಯವಾದ ಪ್ರಶ್ನೆ. ಆದರೆ ಇದಕ್ಕೆ ನಮ್ಮಲ್ಲಿ ಸಿಗೋದು ಎರಡೇ ಉತ್ತರ. ವಿರೋಧ ಪಕ್ಷದಲ್ಲಿರುವವರು "ಎಲ್ಲ ಕೊಳೆತು ಹೋಗಿದೆ" ಅಂತಾರೆ. ಅಧಿಕಾರದಲ್ಲಿರುವವರು "ಸ್ವಲ್ಪ ತುಕ್ಕು ಹಿಡಿದರೆ ಒಳ್ಳೇದೇ, ಕಾಂಕ್ರೀಟ್ ಗಟ್ಟಿ ಹಿಡಿಯುತ್ತೆ" ಅಂತಾರೆ. ಸರ್ಕಾರ ಬದಲಾದರೆ ಇಬ್ಬರೂ ಮಾತು ಬದಲಾಯಿಸಿಕೊಳ್ಳುತ್ತಾರೆ. ಕಂಬಿಯನ್ನು ತಕ್ಕಡಿ ಮೇಲೆ ಇಟ್ಟು ನೋಡಿದವರು ಮಾತ್ರ ಯಾವ ಕಡೆಯೂ ಕಾಣಿಸೋದಿಲ್ಲ.

ನಾನು ಪತ್ರಿಕೋದ್ಯಮಕ್ಕೆ ಬರೋ ಮೊದಲು ಡಿಪ್ಲೊಮಾ ಸಿವಿಲ್ ಓದಿ ನಾಲ್ಕು ವರ್ಷ ಸೈಟಿನಲ್ಲಿ ದುಡಿದವನು. ಹಾಗಾಗಿ ಈ ಜಗಳದೊಳಗೆ ಇನ್ನೊಂದು ಸಲ ಸಿಕ್ಕಿಕೊಂಡೆ. ಈ ಸಲ ಮೇಲ್ಸೇತುವೆಯಲ್ಲ, ಧಾರವಾಡದ ಕಡೆಯ ಎರೆಮಣ್ಣಿನ ಹಳ್ಳಿಯೊಂದರ ಸಮುದಾಯ ಭವನ. ಚಿಕ್ಕದಾದ್ದರಿಂದಲೇ ಅದರ ಕತೆ ಪೂರ್ತಿ ಹೇಳಬಹುದು.

ಎರಡು ಮಳೆಗಾಲ ಕಳೆದ ಎರಡು ಟನ್

ಭವನಕ್ಕೆ ಮೊದಲ ಕಂತಿನ ಹಣ ಬಂದು ಪಾಯ ಮುಗಿದಿತ್ತು. ಕಾಲಂಗಳು ನೆಲಮಟ್ಟಕ್ಕೆ ಬಂದಿದ್ದವು. ಮುಂದಿನ ಕೆಲಸಕ್ಕೆಂದು ಗುತ್ತಿಗೆದಾರ ಸುಮಾರು ಎರಡು ಟನ್ ಕಬ್ಬಿಣ ಇಳಿಸಿದ್ದ, ಹೆಚ್ಚಿನದು 12 ಎಂಎಂ, ಉಳಿದದ್ದು 8 ಎಂಎಂ. ರಿಂಗ್‌ಗಳನ್ನೂ ಬಗ್ಗಿಸಿ ರಾಶಿ ಹಾಕಿಸಿದ್ದ. ಅಲ್ಲಿಗೆ ಬಿಲ್ ನಿಂತಿತು. ಯಾಕೆ ನಿಂತಿತು ಅಂತ ಕೇಳಿದರೆ ಪಂಚಾಯಿತಿಯವರು ತಾಲ್ಲೂಕಿನ ಕಡೆ, ತಾಲ್ಲೂಕಿನವರು ಜಿಲ್ಲೆಯ ಕಡೆ ಕೈ ತೋರಿಸುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ಹಣ ಬಂತು. ಕಬ್ಬಿಣ ಅಲ್ಲೇ ಇತ್ತು, ಇಟ್ಟಿಗೆಯ ಬಣ್ಣಕ್ಕೆ ತಿರುಗಿ.

ಊರಿನ ಯುವಕ ಸಂಘದ ಹುಡುಗರು "ಈ ಕಂಬಿ ಹಾಕಿದರೆ ಕೆಲಸ ನಿಲ್ಲಿಸ್ತೀವಿ" ಎಂದರು. ಮೇಸ್ತ್ರಿಯ ಮಾತು: "ಏನಾಗೂದಿಲ್ರಿ ಸರ, ಒಂದ್ ಸಲ ಬ್ರಷ್ ಹೊಡದ್ರ ಮುಗೀತು. ಮೂವತ್ತ್ ವರ್ಷದಾಗ ಹೊಳಿಯೋ ಸಳಿ ನಾ ಎಲ್ಲಿ ಕಟ್ಟೀನ್ರಿ?" ಗುತ್ತಿಗೆದಾರ ಮಾತಾಡಲಿಲ್ಲ. ಕೆಜಿಗೆ ಅರವತ್ತು ರೂಪಾಯಿ ಹಿಡಿದರೂ ಅವನ 1.2 ಲಕ್ಷ ಅಲ್ಲಿ ಬಿದ್ದಿತ್ತು. ಅದರ ಬಡ್ಡಿ ಅವನೊಬ್ಬನೇ ಕಟ್ಟುತ್ತಿದ್ದ.

ತಮಾಷೆ ಏನೆಂದರೆ, ಮೂವರೂ ಭಾಗಶಃ ಸರಿ ಇದ್ದರು.

ಮೇಸ್ತ್ರಿ ಹೇಳಿದ್ದು ಮೊದಲು ನೋಡೋಣ. ಕಂಬಿ ಕಾರ್ಖಾನೆಯಿಂದ ಬಂದಾಗ ನೀಲಿ-ಕಪ್ಪು ಬಣ್ಣದ ಪೊರೆ ಇರುತ್ತೆ. ಗಾಳಿ, ತೇವ ತಾಕಿದ ಕೆಲವೇ ದಿನಕ್ಕೆ ಅದರ ಮೇಲೆ ತೆಳು ಕೆಂಪು ಪುಡಿ ಕೂರುತ್ತೆ. ಇದು ಮೇಲ್ಮೈಯ ತುಕ್ಕು. ಕಂಬಿಯ ಶಕ್ತಿಯನ್ನು ಇದು ತಿನ್ನೋದಿಲ್ಲ, ಕಾಂಕ್ರೀಟಿನ ಹಿಡಿತವನ್ನೂ ಕೆಡಿಸೋದಿಲ್ಲ. ಸ್ವಲ್ಪ ಒರಟಾದ ಮೇಲ್ಮೈಗೆ ಹಿಡಿತ ಒಂದಿಷ್ಟು ಹೆಚ್ಚೇ ಸಿಗಬಹುದು. ಕಾಂಕ್ರೀಟಿನೊಳಗೆ ಹೋದ ಮೇಲೆ ಈ ತುಕ್ಕು ಮುಂದುವರಿಯೋದೂ ಇಲ್ಲ. ಸಿಮೆಂಟಿನ ತೇವ ಬಹಳ ಕ್ಷಾರೀಯ, ಪಿಎಚ್ ಹನ್ನೆರಡೂವರೆಗಿಂತ ಮೇಲೆ. ಅಂಥ ವಾತಾವರಣದಲ್ಲಿ ಕಬ್ಬಿಣದ ಸುತ್ತ ಕಣ್ಣಿಗೆ ಕಾಣದ ರಕ್ಷಣಾ ಪದರ ತಾನಾಗಿ ಕಟ್ಟಿಕೊಳ್ಳುತ್ತೆ. ನಾವೆಲ್ಲ ವಾಸ ಮಾಡೋ ಮನೆಗಳ ಮೋಲ್ಡ್ ಒಳಗಿನ ಕಂಬಿಗಳು ಹೆಚ್ಚುಕಮ್ಮಿ ಹೀಗೆ ಕೆಂಪಾಗಿಯೇ ಒಳಗೆ ಹೋದವು.

ನಿಯಮವೂ ಇದನ್ನೇ ಹೇಳುತ್ತೆ. ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456 "ತುಕ್ಕೇ ಇರಬಾರದು" ಅನ್ನೋದಿಲ್ಲ. ಕಂಬಿಯ ಮೇಲೆ ಸಡಿಲವಾದ ತುಕ್ಕು, ಸಡಿಲವಾದ ಹೊಪ್ಪಳಿಕೆ, ಎಣ್ಣೆ, ಬಣ್ಣ, ಮಣ್ಣು, ಅಂದರೆ ಹಿಡಿತ ಕಡಿಮೆ ಮಾಡುವಂಥದ್ದು ಇರಬಾರದು ಅನ್ನುತ್ತೆ. ಅಮೆರಿಕದ ಎಎಸ್‌ಟಿಎಂ ಎ615 ಇನ್ನೂ ನೇರ: ತಂತಿಯ ಬ್ರಷ್‌ನಿಂದ ಕೈಯಲ್ಲೇ ಉಜ್ಜಿದ ತುಂಡಿನ ತೂಕ, ಅಳತೆ, ಎಳೆತದ ಶಕ್ತಿ ಸರಿ ಇದ್ದರೆ ತುಕ್ಕು ಅನ್ನೋ ಒಂದೇ ಕಾರಣಕ್ಕೆ ಕಂಬಿಯನ್ನು ತಿರಸ್ಕರಿಸುವಂತಿಲ್ಲ.

ಹಾಗಾದರೆ ಹುಡುಗರು ಹೇಳಿದ್ದು ತಪ್ಪಾ? ಇಲ್ಲ. ಬಣ್ಣ ನೋಡಿ ಏನೂ ಗೊತ್ತಾಗಲ್ಲ ಅನ್ನೋದು ಎರಡೂ ಕಡೆಗೆ ಅನ್ವಯಿಸುತ್ತೆ. ತುಕ್ಕು ಎಷ್ಟು ಕಬ್ಬಿಣವನ್ನು ಕೊಂಡೊಯ್ದಿದೆ, ಎಲ್ಲಿಂದ ಕೊಂಡೊಯ್ದಿದೆ ಅನ್ನೋದೇ ಪ್ರಶ್ನೆ. ಅದಕ್ಕೆ ವೈರ್ ಬ್ರಷ್, ಟೇಪು, ಗ್ರಾಂ ತೋರಿಸುವ ಅಂಗಡಿ ತಕ್ಕಡಿ, ಒಂದು ವರ್ನಿಯರ್ ಸಾಕು.

ತಕ್ಕಡಿ ಹೇಳಿದ್ದು

ಕಂಬಿಯ ತೂಕಕ್ಕೆ ಸುಲಭವಾದ ಲೆಕ್ಕ ಇದೆ, ಸೈಟಿನಲ್ಲಿ ದುಡಿದ ಯಾರಿಗಾದರೂ ಬಾಯಿಪಾಠ: ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತೆ. 12 ಎಂಎಂ ಕಂಬಿಗೆ ಇದು 888 ಗ್ರಾಂ, 8 ಎಂಎಂಗೆ 395 ಗ್ರಾಂ. ಹೊಸ ಕಂಬಿಯೂ ಇಷ್ಟೇ ತೂಗಬೇಕೆಂದಿಲ್ಲ. ಐಎಸ್ 1786 ಒಂದಿಷ್ಟು ರಿಯಾಯಿತಿ ಕೊಡುತ್ತೆ. ಒಂದೊಂದೇ ಮಾದರಿಗೆ ನೋಡಿದರೆ 10 ಎಂಎಂವರೆಗೆ ಶೇ. 8, ಅದಕ್ಕಿಂತ ದಪ್ಪಕ್ಕೆ 16 ಎಂಎಂವರೆಗೆ ಶೇ. 6, ಅದಕ್ಕೂ ದಪ್ಪಕ್ಕೆ ಶೇ. 4 ಕಡಿಮೆ ಇರಬಹುದು. ಅಂದರೆ 12 ಎಂಎಂಗೆ ಕೆಳಗಿನ ಗೆರೆ ಮೀಟರಿಗೆ 835 ಗ್ರಾಂ, 8 ಎಂಎಂಗೆ 363 ಗ್ರಾಂ. ಹೊಸ ಕಂಬಿಗೆ ಹಾಕುವ ಈ ಗೆರೆಯನ್ನೇ ಹಳೆಯದಕ್ಕೂ ಹಾಕೋದು ನ್ಯಾಯ. ಕಟ್ಟಡಕ್ಕೆ ಬೇಕಿರೋದು ಅಷ್ಟು ಕಬ್ಬಿಣ. ಅದು ರೋಲಿಂಗ್ ಮಿಲ್‌ನಲ್ಲಿ ಕಡಿಮೆಯಾಯಿತೋ ಮಳೆಯಲ್ಲಿ ಕಡಿಮೆಯಾಯಿತೋ ಎಂಬುದರಿಂದ ಭಾರ ಹೊರುವಾಗ ವ್ಯತ್ಯಾಸವಾಗಲ್ಲ.

ನಾವು ಮಾಡಿದ್ದು ಹೀಗೆ. 12 ಎಂಎಂ ರಾಶಿಯನ್ನು ಎರಡಾಗಿ ನೋಡಿದೆವು. ಮೇಲಿನ ಪದರಗಳಿಗೆ ಹರಿದದ್ದಾದರೂ ಒಂದು ತಾಡಪಾಲು ಇತ್ತು, ನೀರು ಬಿದ್ದರೂ ಗಾಳಿಗೆ ಒಣಗುತ್ತಿತ್ತು. ಕೆಳಗಿನ ಎರಡು ಪದರ ಎರೆಮಣ್ಣಿನ ಮೇಲೇ ಕೂತಿದ್ದವು. ಎರೆ ಒಮ್ಮೆ ನೀರು ಕುಡಿದರೆ ವಾರಗಟ್ಟಲೆ ಬಿಡೋದಿಲ್ಲ ಅಂತ ಆ ಊರಿನವರಿಗೆ ಹೇಳಿಕೊಡಬೇಕಿಲ್ಲ. ಎರಡೂ ಕಡೆಯಿಂದ ಮೂರು ಮೂರು ಕಂಬಿ ಎಳೆದು, ಒಂದೊಂದರಿಂದ ಸರಿಯಾಗಿ ಒಂದು ಮೀಟರ್ ಕತ್ತರಿಸಿ, ಪುಡಿ ಬೀಳೋದು ನಿಲ್ಲುವವರೆಗೆ ಬ್ರಷ್ ಉಜ್ಜಿ ತೂಗಿದೆವು. ಉಜ್ಜದೆ ತೂಗಬಾರದು, ತುಕ್ಕಿಗೂ ತೂಕ ಇದೆ. ಮೋಸ ಹೋಗೋದು ಇಲ್ಲೇ.

ಮೇಲಿನ ಮೂರು: 872, 868, 875 ಗ್ರಾಂ. ಉಜ್ಜಿದಾಗ ಪುಡಿ ಮಾತ್ರ ಬಂತು, ಒಳಗೆ ಏಣುಗಳು ಚೂಪಾಗಿದ್ದವು. ಅತಿ ಹಗುರವಾದದ್ದರಲ್ಲೂ ಕೊರತೆ ಶೇ. 2.3ನ್ನು ದಾಟಲಿಲ್ಲ. ಅದರಲ್ಲೂ ಎಷ್ಟು ಪಾಲು ಮಿಲ್‌ನಿಂದಲೇ ಬಂದಿತ್ತೋ! ಇವು ಬಳಸಬಹುದಾದ ಕಂಬಿ, ಅನುಮಾನವೇ ಇಲ್ಲ.

ಕೆಳಗಿನ ಮೂರು: 824, 841, 809. ಉಜ್ಜಿದಾಗ ಬಂದದ್ದು ಪುಡಿಯಲ್ಲ, ಚಕ್ಕೆ. ಉಗುರಿನಷ್ಟು ದೊಡ್ಡ ಚಕ್ಕೆಗಳು ಎದ್ದು ಬಂದವು, ಅವುಗಳ ಕೆಳಗೆ ಸಿಡುಬಿನ ಕಲೆಯ ಹಾಗೆ ಗುಳಿಗಳು. ಕೆಲವು ಕಡೆ ಏಣು ಎಲ್ಲಿ ಮುಗಿಯಿತು, ಕಂಬಿ ಎಲ್ಲಿ ಶುರುವಾಯಿತು ಅಂತ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಮೂರರಲ್ಲಿ ಎರಡು ಗೆರೆಯ ಕೆಳಗೆ ಬಿದ್ದವು. ಏಣು ಅಳಿಸಿಹೋದರೆ ತೂಕ ಎಷ್ಟಿದ್ದರೂ ಕಂಬಿ ಕಾಂಕ್ರೀಟಿನಲ್ಲಿ ಜಾರುತ್ತೆ. ಆ ಏಣುಗಳು ಇರೋದೇ ಹಿಡಿದುಕೊಳ್ಳೋದಕ್ಕೆ. ಕೆಳಗಿನ ಎರಡೂ ಪದರವನ್ನು ಪಕ್ಕಕ್ಕೆ ಹಾಕಿದೆವು.

ತೂಕಕ್ಕೆ ಕಾಣದ ಗಾಯ

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನ ಬೇಕಿರಲಿಲ್ಲ. ತಕ್ಕಡಿಗೆ ಒಂದು ಕುರುಡುತನ ಇದೆ. ಇಡೀ ಮೀಟರಿನಲ್ಲಿ ಒಂದೇ ಕಡೆ, ಎರಡು ಸೆಂಟಿಮೀಟರಿನಷ್ಟು ಉದ್ದದಲ್ಲಿ, ಕಂಬಿಯ ಐದನೇ ಒಂದು ಭಾಗ ತಿಂದುಹೋಗಿದೆ ಅಂದುಕೊಳ್ಳಿ. ಒಟ್ಟು ತೂಕದಲ್ಲಿ ಎಷ್ಟು ಕಡಿಮೆಯಾಗುತ್ತೆ? ಶೇ. 0.4. 12 ಎಂಎಂ ಕಂಬಿಯಲ್ಲಿ ಮೂರೂವರೆ ಗ್ರಾಂ. ತಕ್ಕಡಿ ಪಾಸ್ ಮಾಡಿಬಿಡುತ್ತೆ. ಆದರೆ ಕಂಬಿ ಎಳೆತಕ್ಕೆ ಸಿಕ್ಕಾಗ ಕಡಿಯೋದು ಆ ಎರಡು ಸೆಂಟಿಮೀಟರಿನಲ್ಲೇ. ಉಳಿದ 98 ಸೆಂಟಿಮೀಟರ್ ಎಷ್ಟು ಚೆನ್ನಾಗಿದ್ದರೇನು!

ಇಂಥ ಗಾಯ ಕಾಣಸಿಗುವ ಜಾಗಗಳು ಗೊತ್ತಿರುವಂಥವೇ: ಬೈಂಡಿಂಗ್ ವೈರ್ ಬಿಗಿದ ಕಡೆ, ಒಂದರ ಮೇಲೊಂದು ಕಂಬಿ ಅಡ್ಡ ಕೂತ ಕಡೆ, ಮಣ್ಣು ಮತ್ತು ಗಾಳಿ ಸೇರುವ ಗೆರೆಯಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾಲಂನಿಂದ ಮೇಲಕ್ಕೆ ಚಾಚಿದ ಕಂಬಿಗಳ ಕುತ್ತಿಗೆಯಲ್ಲಿ. ಕಾಂಕ್ರೀಟಿನಿಂದ ಕಂಬಿ ಹೊರಬರುವ ಜಾಗದಲ್ಲಿ ಮಳೆನೀರು ಬಟ್ಟಲಿನಲ್ಲಿ ನಿಂತಂತೆ ನಿಲ್ಲುತ್ತೆ. ಒಳಗಿನ ಭಾಗ ಕ್ಷಾರದ ರಕ್ಷಣೆಯಲ್ಲಿರುತ್ತೆ, ಹೊರಗಿನದು ಒಣಗುತ್ತೆ, ನಡುವಿನ ಒಂದೆರಡು ಅಂಗುಲ ಸದಾ ಒದ್ದೆ. ಈಜಿಪುರದಂಥ ಕಡೆ ರಸ್ತೆಯಿಂದ ನಿಂತು ತೆಗೆದ ಫೋಟೊದಲ್ಲಿ ಕಾಣೋದು ಕಂಬಿಗಳ ತುದಿ. ನೋಡಬೇಕಾದ್ದು ಬುಡ.

ಭವನದ ಕಾಲಂಗಳಲ್ಲಿ 16 ಎಂಎಂ ಕಂಬಿಗಳಿದ್ದವು. ಇಲ್ಲಿ ವರ್ನಿಯರ್ ತೆಗೆದುಕೊಂಡೆವು. ಏಣುಗಳ ನಡುವಿನ ಸಪಾಟು ಜಾಗದಲ್ಲಿ ಅಳೆದರೆ 16 ಎಂಎಂ ಕಂಬಿ ಪೂರ್ತಿ 16 ತೋರಿಸೋದಿಲ್ಲ, ಸ್ವಲ್ಪ ಕಡಿಮೆಯೇ ಬರುತ್ತೆ, ಏಕೆಂದರೆ ಏಣುಗಳೂ ಸೇರಿದ ಲೆಕ್ಕ ಆ 16. ಹಾಗಾಗಿ ಪುಸ್ತಕದ ಅಂಕಿಗೆ ಹೋಲಿಸಬೇಡಿ, ಅದೇ ಕಂಬಿಯ ಚೆನ್ನಾಗಿರುವ ಭಾಗಕ್ಕೆ ಹೋಲಿಸಿ. ಒಂದು ಕಾಲಂನಲ್ಲಿ ಮೇಲ್ಗಡೆ 15.4 ಬಂತು. ಬುಡದಲ್ಲಿ ಉಳಿಯಿಂದ ಒಂದಂಗುಲ ಕಾಂಕ್ರೀಟ್ ಕಿತ್ತು ಉಜ್ಜಿ ಅಳೆದರೆ 14.6. ಎಂಟು ಹತ್ತಾಂಶ ಮಿಲಿಮೀಟರ್ ಏನು ಮಹಾ ಅನಿಸುತ್ತೆ. ಆದರೆ ಭಾರ ಹೊರುವುದು ಅಡ್ಡಕೊಯ್ತದ ವಿಸ್ತೀರ್ಣ, ಅದು ವ್ಯಾಸದ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. ಲೆಕ್ಕ ಹಾಕಿದರೆ ಶೇ. 10ರಷ್ಟು ಕಬ್ಬಿಣ ಹೋಗಿದೆ.

ಇದಕ್ಕೆ ಬ್ರಷ್ ಪರಿಹಾರ ಅಲ್ಲ. ಕಂಬಿ ಕತ್ತರಿಸಿ ಬಿಸಾಡುವುದೂ ಆಗಲ್ಲ, ಅದು ಪಾಯದೊಳಗಿಂದ ಬಂದಿದೆ. ಇಂಥ ಕಡೆ ವಿನ್ಯಾಸ ಮಾಡಿದ ಎಂಜಿನಿಯರ್ ಕೂತು ಲೆಕ್ಕ ಮಾಡಬೇಕು: ಉಳಿದ ಕಬ್ಬಿಣ ಸಾಕಾ, ಇಲ್ಲವಾದರೆ ಗಟ್ಟಿ ಕಂಬಿ ಸಿಗುವವರೆಗೆ ಕಾಂಕ್ರೀಟ್ ಒಡೆದು ಜೊತೆಗೆ ಹೊಸ ಕಂಬಿ ಜೋಡಿಸಬೇಕಾ, ಅಥವಾ ರಂಧ್ರ ಕೊರೆದು ರಾಸಾಯನಿಕ ಅಂಟಿನಲ್ಲಿ ಹೊಸದನ್ನು ನೆಡಬೇಕಾ ಅಂತ. ನಮ್ಮಲ್ಲಿ ಹನ್ನೆರಡು ಕಾಲಂಗಳಲ್ಲಿ ಎರಡಕ್ಕೆ ಮಾತ್ರ ಈ ಪಾಡು ಬಂತು, ನೀರು ನಿಲ್ಲುವ ತಗ್ಗಿನ ಮೂಲೆಯವು. ಆ ಎರಡಕ್ಕೂ ಕಂಬಿ ಸೇರಿಸುವ ನಕ್ಷೆ ಬಂತು.

ತೆಳ್ಳಗಿನದಕ್ಕೇ ಮೊದಲ ಏಟು

ಹುಡುಗರು ದಪ್ಪ ಕಂಬಿಗಳ ಮೇಲೆ ಬೆರಳು ತೋರಿಸುತ್ತಿದ್ದರು. ನನಗೆ ಹೆದರಿಕೆ ಇದ್ದದ್ದು ಮೂಲೆಯಲ್ಲಿ ಬಿದ್ದಿದ್ದ ರಿಂಗ್ ರಾಶಿಯ ಮೇಲೆ.

ಸುತ್ತಲೂ ಕಾಲು ಮಿಲಿಮೀಟರ್ ಆಳಕ್ಕೆ ತುಕ್ಕು ತಿಂದಿದೆ ಅಂತ ಇಟ್ಟುಕೊಳ್ಳೋಣ. 25 ಎಂಎಂ ಕಂಬಿಯಲ್ಲಿ ಅದು ಶೇ. 4ರಷ್ಟು ನಷ್ಟ. 12 ಎಂಎಂನಲ್ಲಿ ಶೇ. 8. 8 ಎಂಎಂನಲ್ಲಿ ಶೇ. 12. ಅದೇ ಮಳೆ, ಅದೇ ಮಣ್ಣು, ಅದೇ ಆಳ, ಪೆಟ್ಟು ಮಾತ್ರ ಮೂರು ಪಟ್ಟು. ಕಾಲಂ ಮತ್ತು ಬೀಮಿನ ಸುತ್ತ ಕಟ್ಟುವ ರಿಂಗ್‌ಗಳು ಸಾಮಾನ್ಯವಾಗಿ 8 ಎಂಎಂ. ಬೀಮು ಓರೆಯಾಗಿ ಸೀಳಿ ಬೀಳದಂತೆ, ಕಾಲಂನ ಉದ್ದ ಕಂಬಿಗಳು ಹೊರಕ್ಕೆ ಬಾಗಿ ಸಿಡಿಯದಂತೆ ತಡೆಯೋದು ಅವೇ. ಅವು ಹೊರಮೈಗೆ ತೀರಾ ಹತ್ತಿರ ಇರೋದರಿಂದ ಮುಂದೆ ಕಟ್ಟಡಕ್ಕೆ ವಯಸ್ಸಾದಾಗ ತೇವ ಮೊದಲು ಮುಟ್ಟುವುದೂ ಅವನ್ನೇ.

ಬಗ್ಗಿಸಿದ ರಿಂಗನ್ನು ನೆಟ್ಟಗೆ ಮಾಡಿ ಅಳೆಯಬೇಕಿಲ್ಲ. ಒಂದೊಂದಕ್ಕೆ 90 ಸೆಂಟಿಮೀಟರ್ ಕಂಬಿ ಹಿಡಿದಿತ್ತು. ಹತ್ತು ರಿಂಗ್ ಅಂದರೆ ಒಂಬತ್ತು ಮೀಟರ್, ಮೂರೂವರೆ ಕೆಜಿಗಿಂತ ಸ್ವಲ್ಪ ಹೆಚ್ಚು ತೂಗಬೇಕು. ಉಜ್ಜಿ ತೂಗಿದರೆ ಮೂರು ಕೆಜಿ ಇನ್ನೂರು ಗ್ರಾಂ, ಅಂದರೆ ಮೀಟರಿಗೆ 356 ಗ್ರಾಂ. 363ರ ಗೆರೆಯ ಕೆಳಗೆ. ಅದರ ಮೇಲೆ, ಬಗ್ಗಿಸಿದ ಮೂಲೆಗಳಲ್ಲಿ ಗುಳಿ ಹೆಚ್ಚು. ಬಗ್ಗಿಸುವಾಗ ಮೇಲಿನ ಪೊರೆ ಅಲ್ಲೇ ಬಿರುಕು ಬಿಡುತ್ತೆ, ತುಕ್ಕಿಗೆ ಬಾಗಿಲು ಸಿಗುತ್ತೆ. ಒಂದು ರಿಂಗನ್ನು ಮೂಲೆಯಲ್ಲಿ ಸ್ವಲ್ಪ ಬಿಚ್ಚಿದರೆ ಹೊರಮೈಯಲ್ಲಿ ಬಿರುಕು ಕಾಣಿಸಿತು. ಇಡೀ ರಾಶಿ ಗುಜರಿಗೆ ಹೋಯಿತು. "ಇದು ಖರೇ ಅದ ಬಿಡ್ರಿ ಸರ" ಅಂತ ಮೇಸ್ತ್ರಿ ಮೊದಲ ಸಲ ಒಪ್ಪಿಕೊಂಡರು.

ಲ್ಯಾಬ್ ವರದಿಯಲ್ಲಿ ಒಂದು ಕಣ್ಣುಕಟ್ಟು

ಪಾಸಾದ 12 ಎಂಎಂ ಕಂಬಿಯಿಂದಲೂ ಮಾದರಿಗಳನ್ನು ಲ್ಯಾಬ್‌ಗೆ ಕಳಿಸಿದೆವು. ಸರ್ಕಾರಿ ಕಾಮಗಾರಿಗೆ ಕಾಗದ ಬೇಕೇ ಬೇಕು. ಇಲ್ಲೊಂದು ವಿಷಯವನ್ನು ರಾಜಕೀಯ ಮಾಡುವ ಯುವಕರು ಸರಿಯಾಗಿ ತಿಳಿದುಕೊಳ್ಳಬೇಕು. ಯಾಕೆಂದರೆ ನಾಳೆ ನಿಮ್ಮ ಮುಂದೆ ಬರೋದು ಕಂಬಿಯಲ್ಲ, ಅದರ ವರದಿ.

ಎಫ್‌ಇ 500 ಅನ್ನುವ ಕಂಬಿ ಒಂದು ಚದರ ಮಿಲಿಮೀಟರಿಗೆ ಕನಿಷ್ಠ 500 ನ್ಯೂಟನ್ ಎಳೆತ ತಡೆದುಕೊಂಡ ಮೇಲೆ ಸೋಲಬೇಕು. ಲ್ಯಾಬಿನವರು ಕಂಬಿಯನ್ನು ಎಳೆದು, ಸೋತ ಭಾರವನ್ನು ವಿಸ್ತೀರ್ಣದಿಂದ ಭಾಗಿಸುತ್ತಾರೆ. ಯಾವ ವಿಸ್ತೀರ್ಣ? ಐಎಸ್ 1786ರ ಪ್ರಕಾರ ಆ ತುಂಡಿನ ತೂಕದಿಂದ ಲೆಕ್ಕ ಹಾಕಿದ ನಿಜವಾದ ವಿಸ್ತೀರ್ಣ. ಹೊಸ ಕಂಬಿಗೆ ಇದು ಸರಿ. ತಿಂದುಹೋದ ಕಂಬಿಯಲ್ಲಿ ಮಾತ್ರ ಹೀಗಾಗುತ್ತೆ: 12 ಎಂಎಂ ಕಂಬಿಯ ಪೂರ್ತಿ ವಿಸ್ತೀರ್ಣ 113 ಚದರ ಮಿಲಿಮೀಟರ್. ತುಕ್ಕು ತಿಂದು ಉಳಿದದ್ದು 101. ಅದು 52 ಸಾವಿರ ನ್ಯೂಟನ್‌ಗೆ ಸೋತಿತು. 101ರಿಂದ ಭಾಗಿಸಿದರೆ 515, ವರದಿಯಲ್ಲಿ "ಪಾಸ್". ನಕ್ಷೆ ಬರೆದ ಎಂಜಿನಿಯರ್ ನಂಬಿಕೊಂಡಿದ್ದ 113ರಿಂದ ಭಾಗಿಸಿದರೆ 460, ಫೇಲ್. ಲ್ಯಾಬಿನವರು ಸುಳ್ಳು ಹೇಳಿಲ್ಲ. ಉಳಿದ ಕಬ್ಬಿಣ ಗಟ್ಟಿಯಾಗಿದೆ ಅಂತ ಮಾತ್ರ ಹೇಳಿದ್ದಾರೆ. ಸಾಕಷ್ಟು ಉಳಿದಿದೆ ಅಂತ ಹೇಳಿಲ್ಲ.

ಹಾಗಾಗಿ ಎಳೆತದ ಅಂಕಿಯನ್ನು ಒಂಟಿಯಾಗಿ ಓದಬೇಡಿ. ಅದೇ ಕಾಗದದಲ್ಲಿ ಮೀಟರಿನ ತೂಕ ಎಷ್ಟು ಬರೆದಿದ್ದಾರೆ ನೋಡಿ. ಈ ಉದಾಹರಣೆಯ ಕಂಬಿ ಮೀಟರಿಗೆ 793 ಗ್ರಾಂ ಬರುತ್ತೆ, 835ಕ್ಕಿಂತ ಎಷ್ಟೋ ಕಡಿಮೆ. ತೂಕದ ಸಾಲೇ ಇಲ್ಲದ ವರದಿಯನ್ನು ತುಕ್ಕು ಹಿಡಿದ ಕಂಬಿಯ ವಿಷಯದಲ್ಲಿ ಒಪ್ಪಿಕೊಳ್ಳಬಾರದು. ಇನ್ನೊಂದು ಸಾಲು ಹಿಗ್ಗುವಿಕೆಯದ್ದು: ಕಡಿಯುವ ಮೊದಲು ಕಂಬಿ ಎಷ್ಟು ಶೇಕಡಾ ಉದ್ದವಾಯಿತು ಎಂಬುದು. ಎಫ್‌ಇ 500ಕ್ಕೆ ಕನಿಷ್ಠ 12, ಎಫ್‌ಇ 500ಡಿಗೆ 16. ಗುಳಿ ಬಿದ್ದ ಕಂಬಿಯಲ್ಲಿ ಶಕ್ತಿಗಿಂತ ಮೊದಲು ಬೀಳೋದು ಈ ಅಂಕಿ. ಎಳೆತವೆಲ್ಲ ಗುಳಿಯಲ್ಲೇ ಕೇಂದ್ರವಾಗಿ ಉಳಿದ ಉದ್ದ ಹಿಗ್ಗುವ ಮೊದಲೇ ಅಲ್ಲಿ ಕಡಿದುಹೋಗುತ್ತೆ. ಭೂಕಂಪದಲ್ಲೋ ಅತಿಭಾರದಲ್ಲೋ ಕಟ್ಟಡ ಬಿರುಕು ಬಿಟ್ಟು ಎಚ್ಚರಿಕೆ ಕೊಡೋದು ಈ ಹಿಗ್ಗುವಿಕೆಯಿಂದ.

ಮಾದರಿ ಆರಿಸೋದು ಯಾರು ಅನ್ನೋದೂ ಇದೆ. ಗುತ್ತಿಗೆದಾರನ ಹುಡುಗ ಆರಿಸಿದರೆ ಮೇಲಿನ ಪದರದ ಚೆಂದದ್ದು ಹೋಗುತ್ತೆ. ಕಣ್ಣಿಗೆ ಅತಿ ಕೆಟ್ಟದಾಗಿ ಕಾಣೋದನ್ನು ಆರಿಸಬೇಕು. ಅದು ಪಾಸಾದರೆ ಉಳಿದದ್ದಕ್ಕೆ ಚಿಂತೆಯಿಲ್ಲ.

ಎಲ್ಲಿ ಈ ಲೆಕ್ಕ ನಡೆಯಲ್ಲ

ಎರಡು ಕಡೆ ಮೇಲೆ ಹೇಳಿದ್ದಕ್ಕಿಂತ ಕಟ್ಟುನಿಟ್ಟಾಗಿರಬೇಕು. ಒಂದು ಕರಾವಳಿ. ಮಂಗಳೂರು, ಉಡುಪಿ, ಕಾರವಾರದ ಸಮುದ್ರದ ಗಾಳಿಯಲ್ಲಿ ಉಪ್ಪಿದೆ. ಉಪ್ಪಿನ ಕ್ಲೋರೈಡ್ ತುಕ್ಕಿನ ಗುಳಿಗಳಲ್ಲಿ ಇಳಿದು ಕೂತರೆ ಬ್ರಷ್‌ಗೆ ಸಿಗೋದಿಲ್ಲ. ಕಾಂಕ್ರೀಟಿನೊಳಗೆ ಹೋದ ಮೇಲೂ ಆ ರಕ್ಷಣಾ ಪದರವನ್ನು ಅದೇ ಮುರಿಯುತ್ತೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳೋದರಿಂದ ಒಳಗಿನಿಂದಲೇ ಕಾಂಕ್ರೀಟ್ ಸೀಳುತ್ತೆ. ಅಲ್ಲಿ ಕಂಬಿಯನ್ನು ಸಿಹಿನೀರಿನ ರಭಸದಲ್ಲಿ ತೊಳೆದು, ಮರಳು ಊದಿ ಬೆಳ್ಳಗಾಗುವವರೆಗೆ ಶುಚಿ ಮಾಡಬೇಕು. ಗುಳಿ ಆಳವಾಗಿದ್ದರೆ ಬಳಸದಿರೋದೇ ಲೇಸು. ಎರಡನೆಯದು ಮೇಲ್ಸೇತುವೆಗಳಲ್ಲಿ ಎಳೆದು ಬಿಗಿಯುವ ಉಕ್ಕಿನ ತಂತಿಗಳು. ಅವು ಸಾಮಾನ್ಯ ಕಂಬಿಯಲ್ಲ, ಬದುಕಿರುವಷ್ಟು ದಿನ ಭಾರಿ ಬಿಗಿತದಲ್ಲೇ ಇರುತ್ತವೆ. ಸಣ್ಣ ಗುಳಿಯೂ ಸೂಚನೆಯಿಲ್ಲದೆ ಕಡಿಸಬಹುದು. "ಕಂಬಿಗೆ ಸ್ವಲ್ಪ ತುಕ್ಕು ಪರವಾಗಿಲ್ಲ" ಅನ್ನುವ ಮಾತನ್ನು ಯಾರಾದರೂ ಈ ತಂತಿಗಳಿಗೆ ಹೇಳಿದರೆ ಅಲ್ಲೇ ತಡೆಯಿರಿ.

ಇನ್ನು ತುಕ್ಕು ಬಾರದಿರಲಿ ಅಂತ ಡೀಸೆಲ್ಲೋ ಗಾಡಿಯ ಹಳೇ ಎಂಜಿನ್ ಆಯಿಲ್ಲೋ ಸವರುವವರಿದ್ದಾರೆ. ತುಕ್ಕಿಗಿಂತ ಅದೇ ಕೇಡು, ಹಿಡಿತವೇ ಇರಲ್ಲ. ಕೆಲಸ ನಿಲ್ಲುತ್ತೆ ಅಂತ ಗೊತ್ತಾದ ದಿನವೇ ಕಂಬಿಯನ್ನು ನೆಲದಿಂದ ಎತ್ತಿ ದಿಮ್ಮಿ ಅಥವಾ ಕಲ್ಲಿನ ಮೇಲಿಟ್ಟು, ಸಿಮೆಂಟ್ ಹಾಲು ಬಳಿದು, ಮುಚ್ಚಿಡುವುದು ಹಳೆಯ ಪದ್ಧತಿ. ಸಾಮಗ್ರಿ ದಾಸ್ತಾನಿನ ಸಂಹಿತೆಯಲ್ಲೂ ಇದೇ ಇದೆ. ಖರ್ಚು ಒಂದೆರಡು ಚೀಲ ಸಿಮೆಂಟ್. ಮತ್ತೆ ಕೆಲಸ ಶುರು ಮಾಡುವಾಗ ಸಡಿಲವಾದ ಹಾಲಿನ ಪೊರೆಯನ್ನು ಉಜ್ಜಿ ತೆಗೆಯಬೇಕು, ಅಷ್ಟೇ.

ಇಪ್ಪತ್ತೇಳು ಸಾವಿರ ಯಾರದ್ದು?

ಕೊನೆಗೆ ಲೆಕ್ಕ ಕೂಡಿಸಿದಾಗ ಎರಡು ಟನ್‌ನಲ್ಲಿ ತಿರಸ್ಕಾರವಾದದ್ದು ಸುಮಾರು 450 ಕೆಜಿ: ಕೆಳಗಿನ ಎರಡು ಪದರ ಮತ್ತು ರಿಂಗ್‌ಗಳು. ಹೊಸದಾಗಿ ತರಲು 27 ಸಾವಿರ ರೂಪಾಯಿ. ಹುಡುಗರು ಹೇಳಿದಂತೆ ಎಲ್ಲವನ್ನೂ ಬಿಸಾಡಿದ್ದರೆ 1.2 ಲಕ್ಷ. ಮೇಸ್ತ್ರಿ ಹೇಳಿದಂತೆ ಎಲ್ಲವನ್ನೂ ಕಟ್ಟಿದ್ದರೆ ಬೀಮುಗಳೊಳಗೆ ಹತ್ತನೇ ಒಂದು ಭಾಗ ಕಬ್ಬಿಣ ಕಳೆದುಕೊಂಡ ರಿಂಗ್‌ಗಳು ಹೋಗಿ ಕೂರುತ್ತಿದ್ದವು. ಮೇಲೆ ಕಾಂಕ್ರೀಟ್ ಬಿದ್ದ ಮೇಲೆ ಯಾವ ತನಿಖಾ ಸಮಿತಿ ಬಂದರೂ ಅದು ಕಾಣೋದಿಲ್ಲ.

ಈ ಪ್ರಶ್ನೆಯನ್ನು ನಾನು ರಾಜಕೀಯ ಅನ್ನುವುದು ಇದಕ್ಕೇ. ಕಂಬಿ ಕೆಡಿಸಿದ್ದು ಗುತ್ತಿಗೆದಾರನಲ್ಲ, ಬಿಲ್ ಹಿಡಿದಿಟ್ಟವರು. ಆದರೆ ಗುತ್ತಿಗೆ ಪತ್ರದಲ್ಲಿ ಸಾಮಗ್ರಿ ಕಾಯುವ ಹೊಣೆ ಅವನದು. ಆ 27 ಸಾವಿರ ಅವನ ಜೇಬಿನಿಂದ ಹೋಗಬೇಕೆಂದರೆ ಅವನು ರಾತ್ರೋರಾತ್ರಿ ಆ ಕಂಬಿಯನ್ನು ಬೀಮಿನೊಳಗೆ ತುರುಕುವ ದಾರಿಯನ್ನೇ ಹುಡುಕುತ್ತಾನೆ. ದೊಡ್ಡ ಗುತ್ತಿಗೆದಾರರಿಗೆ ವಿಳಂಬಕ್ಕೆ ದರ ಹೆಚ್ಚಿಸಿಕೊಳ್ಳುವ ದಾರಿಗಳಿವೆ, ಪಂಚಾಯಿತಿ ಮಟ್ಟದವನಿಗೆ ಯಾರ ಕಾಲು ಹಿಡಿಯಬೇಕೆಂದೇ ತಿಳಿಯೋದಿಲ್ಲ. ನಿಂತ ಕಾಮಗಾರಿ ಮತ್ತೆ ಶುರುವಾಗುವಾಗ ಕಂಬಿಯ ತಪಾಸಣೆಗೂ ಬದಲಿ ಕಂಬಿಗೂ ಒಂದು ಬಾಬ್ತು ಅಂದಾಜು ಪಟ್ಟಿಯಲ್ಲೇ ಇರಬೇಕು, ಅದನ್ನು ಕಟ್ಟಬೇಕಾದ್ದು ಹಣ ತಡೆದ ಇಲಾಖೆ. ಇದು ನನ್ನ ಅಭಿಪ್ರಾಯ, ಆ ಗುತ್ತಿಗೆದಾರ ನನಗೆ ಒಂದು ಕಪ್ ಚಹಾಕ್ಕಿಂತ ಹೆಚ್ಚು ಕೊಟ್ಟಿಲ್ಲ.

ಯುವಕ ಸಂಘದವರ ಕೈಯಲ್ಲಿರುವ ಅಸ್ತ್ರವೂ ಇದೆ, ಅದು ಅವರಿಗೇ ಗೊತ್ತಿರಲಿಲ್ಲ. ಮಾಹಿತಿ ಹಕ್ಕು ಕಾಯ್ದೆ ಅಂದರೆ ಕಾಗದದ ಜೆರಾಕ್ಸ್ ಕೇಳೋದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. 2005ರ ಕಾಯ್ದೆಯ 2(ಜೆ) ಕಲಂ ಓದಿ: ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವುದು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು ಕೂಡ ನಿಮ್ಮ ಹಕ್ಕಿನೊಳಗೇ ಇದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ, "ಇಂಥ ಕಾಮಗಾರಿಯ ಸ್ಥಳದಲ್ಲಿರುವ 12 ಎಂಎಂ ಕಂಬಿಯ ಒಂದು ಮೀಟರ್ ಉದ್ದದ ಮೂರು ಮಾದರಿ, ಅಳತೆ ಪುಸ್ತಕದ ಪುಟಗಳು ಮತ್ತು ಕಬ್ಬಿಣದ ಪರೀಕ್ಷಾ ವರದಿ" ಅಂತ ಕೇಳಬಹುದು. ಕಾಂಕ್ರೀಟ್ ಹಾಕುವ ಮೊದಲೇ ಕೇಳಬೇಕು, ಆಮೇಲೆ ಮಾದರಿ ಸಿಗಲ್ಲ.

ಹುಡುಗರು ಅರ್ಜಿ ಹಾಕಿದ್ದಾರೆ. ಹಳೆಯ ರಿಂಗ್‌ಗಳನ್ನು ತೂಗಿ ಗುಜರಿಗೆ ಕಳಿಸಿದ್ದಾಗಿದೆ. ಪಾಸಾದ ಒಂದೂವರೆ ಟನ್ ಕಂಬಿ ಈಗ ದಿಮ್ಮಿಗಳ ಮೇಲಿದೆ, ಮೇಲೆ ಹೊಸ ತಾಡಪಾಲು ಇದೆ. ಎರಡು ಕಾಲಂಗಳ ಹೆಚ್ಚುವರಿ ಕಂಬಿಗೂ 450 ಕೆಜಿ ಬದಲಿಗೂ ಮಂಜೂರಾತಿ ಕೇಳಿದ ಫೈಲು ಮಾತ್ರ ತಾಲ್ಲೂಕು ಕಚೇರಿಯಲ್ಲಿದೆ. ಅದು ಬರುವಷ್ಟರಲ್ಲಿ ಮಳೆಗಾಲ ಕಳೆದರೆ ಮತ್ತೆ ಬ್ರಷ್ ಹಿಡಿದು, ಮತ್ತೆ ಒಂದು ಮೀಟರ್ ಕತ್ತರಿಸಿ ತೂಗಬೇಕಾಗುತ್ತೆ ಅಂತ ಮೇಸ್ತ್ರಿಗೆ ಹೇಳಿ ಬಂದಿದ್ದೇನೆ. "ತಕ್ಕಡಿ ಇಲ್ಲೇ ಇಟ್ಟ್ ಹೋಗ್ರಿ ಹಂಗಾರ" ಅಂದರು.